ಅರೆಕಾಲಿಕ ಕೆಲಸಕ್ಕೆ ಸೇರುವ ಮದುವೆ ಛಾಯಾಗ್ರಾಹಕರ ಗಮನಕ್ಕೆ

ಆಷಾಢ, ಪಿತೃಪಕ್ಷ, ಧನುರ್ಮಾಸಗಳಲ್ಲಿ ಮದುವೆಗಳಿರುವುದಿಲ್ಲ, ಕ್ಯಾಮೆರಾ ಸಾಲದ ಕಂತು ಮಾತ್ರ ತಪ್ಪುವುದಿಲ್ಲ. ಹೀಗಾಗಿ ನಮ್ಮಲ್ಲಿ ಹಲವರು ಸೀರೆ ಅಂಗಡಿಗೋ ಆನ್‌ಲೈನ್ ಮಾರಾಟಗಾರರಿಗೋ ವಾರಕ್ಕೆ ಮೂರು ದಿನ ಉತ್ಪನ್ನಗಳ ಚಿತ್ರ ತೆಗೆದುಕೊಡುತ್ತಾರೆ. ಒಳ್ಳೆಯ ದಾರಿಯೇ. ಸಂಬಳ ಎಷ್ಟು ಕೇಳಬೇಕು? ಬಾಡಿಗೆ 8,000, ಕಂತು 5,000, ದಿನಸಿ 7,000 ಎಂದಿಟ್ಟುಕೊಳ್ಳಿ. ಈ 20,000 ಸಂಬಳದಿಂದಲೇ ಬರುವಂತಿದ್ದರೆ ಮದುವೆಯ ಹಣವನ್ನು ಲೆನ್ಸ್, ರಿಪೇರಿ, ಉಳಿತಾಯಕ್ಕೆ ಬಿಡಬಹುದು. ಆಗ ಆಷಾಢದಲ್ಲಿ ಸಿಕ್ಕಿದ ದರಕ್ಕೆ ಮುಂಗಡ ಒಪ್ಪಿಕೊಳ್ಳುವ ಒತ್ತಡವೂ ಇರುವುದಿಲ್ಲ.

ಸೇರುವ ಮೊದಲೇ ಪಂಚಾಂಗ ನೋಡಿ ಮಾಘ, ವೈಶಾಖದ ಮುಹೂರ್ತಗಳನ್ನು ಮಾಲೀಕರಿಗೆ ಬರೆದುಕೊಡಿ. ಆ ದಿನಗಳ ಕೆಲಸವನ್ನು ಅದೇ ವಾರದ ಬೇರೆ ದಿನ ಮಾಡಿಕೊಡುತ್ತೇನೆ ಎಂದರೆ ಹೆಚ್ಚಿನವರು ಒಪ್ಪುತ್ತಾರೆ.

ಬಹಳ ಜನ ಗಮನಿಸದ ವಿಷಯ ಹಕ್ಕಿನದು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಉದ್ಯೋಗದ ಭಾಗವಾಗಿ ತೆಗೆದ ಚಿತ್ರಗಳ ಮೊದಲ ಹಕ್ಕು ಮಾಲೀಕರದು. ಆದ್ದರಿಂದ ನೇಮಕಾತಿ ಪತ್ರದಲ್ಲಿ ಎರಡು ಸಾಲು ಸೇರಿಸಲು ಕೇಳಿ: ಕೆಲಸದ ಸಮಯದ ಹೊರಗೆ, ನನ್ನ ಕ್ಯಾಮೆರಾದಲ್ಲಿ ತೆಗೆದ ಚಿತ್ರಗಳು ನನ್ನವು, ಅಂಗಡಿಗೆ ತೆಗೆದವುಗಳಲ್ಲಿ ಪ್ರಕಟವಾದವನ್ನು ನನ್ನ ಕೆಲಸದ ಮಾದರಿಯಾಗಿ ತೋರಿಸಬಹುದು. ಎರಡನೆಯ ಸಾಲು ಇಲ್ಲದಿದ್ದರೆ, ಕೆಲಸ ಬಿಟ್ಟ ಮೇಲೆ ಹೊಸ ಗ್ರಾಹಕರಿಗೆ ಆ ಚಿತ್ರಗಳನ್ನು ತೋರಿಸುವುದಕ್ಕೂ ಅನುಮತಿ ಕೇಳಬೇಕಾದೀತು. ಪತ್ರವೇ ಕೊಡದ ಸಣ್ಣ ಅಂಗಡಿಯಾದರೆ ಇದನ್ನೇ ವಾಟ್ಸ್ಆ್ಯಪ್‌ನಲ್ಲಿ ಕಳುಹಿಸಿ, ಅವರಿಂದ ಒಪ್ಪಿಗೆಯ ಉತ್ತರ ಪಡೆದು ಉಳಿಸಿಟ್ಟುಕೊಳ್ಳಿ.