ರೆಸ್ಯೂಮೆ ಹೊಂದುವುದಿಲ್ಲ ಎಂದರೆ ಹೀಗೆ ಉತ್ತರಿಸಿ
ರಿಕ್ರೂಟರ್ ನಿಮ್ಮ ರೆಸ್ಯೂಮೆ ಕೆಲಸಕ್ಕೆ ಹೊಂದುವುದಿಲ್ಲ ಎಂದು ಬರೆದರೆ, ಅದೇ ಮೇಲ್‌ಗೆ ಉತ್ತರಿಸಿ. ಜಾಹೀರಾತಿನಲ್ಲಿ ಅವರು ಕೇಳಿದ ಒಂದು ಮುಖ್ಯ ಸಾಲು ಬರೆದು, ಕೆಳಗೇ ಪುರಾವೆ ಕೊಡಿ. ಉದಾಹರಣೆಗೆ: "ಮೇಡಂ, ನೋಡಿ ತಿಳಿಸಿದ್ದಕ್ಕೆ ಧನ್ಯವಾದ. ನೀವು ಎಪಿಐ ಟೆಸ್ಟಿಂಗ್ ಕೇಳಿದ್ದೀರಿ. ಎರಡು ವರ್ಷದಿಂದ ಪೋಸ್ಟ್‌ಮನ್‌ನಲ್ಲಿ ಅದನ್ನೇ ಮಾಡುತ್ತಿದ್ದೇನೆ, ರೆಸ್ಯೂಮೆಯಲ್ಲಿ ಟೂಲ್ ಹೆಸರಷ್ಟೇ ಇತ್ತು. ನಾನೇ ಬರೆದ ಮಾದರಿ ಟೆಸ್ಟ್‌ಗಳ ಲಿಂಕ್ ಮತ್ತು ತಿದ್ದಿದ ರೆಸ್ಯೂಮೆ ಜೊತೆಗಿವೆ. ಇನ್ನೊಮ್ಮೆ ನೋಡಲು ಸಾಧ್ಯವೇ?" ರಿಕ್ರೂಟರ್‌ಗಳು ಜಾಸ್ತಿ ಹುಡುಕುವುದು ಜಾಹೀರಾತಿನ ಪದಗಳನ್ನೇ, ಬೇರೆ ಹೆಸರಲ್ಲಿರುವ ಅನುಭವ ಕಣ್ಣು ತಪ್ಪುತ್ತದೆ. ಇಷ್ಟು ಚಿಕ್ಕ ಉತ್ತರವನ್ನು ಅವರು ಮ್ಯಾನೇಜರ್‌ಗೆ ಹಾಗೇ ಕಳಿಸಬಹುದು, ಅಲ್ವಾ? ಆದರೆ ಸಂಬಳ, ನೋಟಿಸ್ ಪೀರಿಯಡ್ ಅಥವಾ ಅನುಭವದ ವರ್ಷಗಳೇ ಅಡ್ಡಿಯಾಗಿದ್ದರೆ ಇದು ನಡೆಯುವುದಿಲ್ಲ. ಪುರಾವೆ ಎಂದು ಈಗಿನ ಕಂಪನಿಯ ಫೈಲ್‌ಗಳನ್ನು ದಯವಿಟ್ಟು ಕಳಿಸಬೇಡಿ.