ಸ್ಟೇ ಇರುವ ಜಮೀನು: ಅಂಟಾರ್ಕ್ಟಿಕ ಒಪ್ಪಂದದ 4ನೇ ವಿಧಿಯನ್ನು ನಾನು ಪಾಠ ಮಾಡಿದ ರೀತಿ

ಶಿವಮೊಗ್ಗದಲ್ಲಿ ಬೆಳಿಗ್ಗೆ ಕಾನೂನು ವಿದ್ಯಾರ್ಥಿಗಳಿಗೆ ಅಂತರರಾಷ್ಟ್ರೀಯ ಕಾನೂನು ಹೇಳಿಕೊಡುತ್ತೇನೆ. ಮಧ್ಯಾಹ್ನ ಕೋರ್ಟಿನಲ್ಲಿ ಜಮೀನಿನ ದಾವೆಗಳು. ಈ ಎರಡು ಕೆಲಸಗಳು ಒಂದಕ್ಕೊಂದು ಉಪಯೋಗಕ್ಕೆ ಬರುತ್ತವೆ ಎಂದು ತಿಳಿಯಲು ನನಗೆ ಹಲವು ವರ್ಷ ಬೇಕಾಯಿತು.

ಅಂಟಾರ್ಕ್ಟಿಕ ಒಪ್ಪಂದಕ್ಕೆ 1959ರ ಡಿಸೆಂಬರ್ 1ರಂದು 12 ದೇಶಗಳು ಸಹಿ ಹಾಕಿದವು. 1961ರಲ್ಲಿ ಅದು ಜಾರಿಗೆ ಬಂತು. ಅದಕ್ಕೂ ಮೊದಲೇ ಅರ್ಜೆಂಟೀನಾ, ಆಸ್ಟ್ರೇಲಿಯಾ, ಚಿಲಿ, ಫ್ರಾನ್ಸ್, ನ್ಯೂಜಿಲೆಂಡ್, ನಾರ್ವೆ, ಬ್ರಿಟನ್ ಈ ಏಳು ದೇಶಗಳು ಖಂಡದ ಒಂದೊಂದು ಭಾಗ ತಮ್ಮದೆಂದು ಘೋಷಿಸಿಕೊಂಡಿದ್ದವು. ಅರ್ಜೆಂಟೀನಾ, ಚಿಲಿ, ಬ್ರಿಟನ್‌ಗಳ ಭಾಗಗಳಂತೂ ಒಂದರ ಮೇಲೊಂದು ಬೀಳುತ್ತವೆ. ಮೊದಲ ಕೆಲವು ವರ್ಷ ನಾನು ಬೋರ್ಡಿನ ಮೇಲೆ 'ಒಪ್ಪಂದದಿಂದ ಹಕ್ಕುಸಾಧನೆಗಳು ರದ್ದಾದವು' ಎಂದು ಬರೆಯುತ್ತಿದ್ದೆ. ಅದು ತಪ್ಪು. ಆ ತಪ್ಪನ್ನು ನನಗೆ ತೋರಿಸಿಕೊಟ್ಟವಳು ಹೊಸನಗರದ ಕಡೆಯ ಒಬ್ಬ ವಿದ್ಯಾರ್ಥಿನಿ.

ಅಂದು ಸೀಮೆಸುಣ್ಣದಲ್ಲಿ ದೊಡ್ಡ ವೃತ್ತ ಬರೆದು, ನಡುವೆ ದಕ್ಷಿಣ ಧ್ರುವದ ಚುಕ್ಕಿ ಇಟ್ಟು, ಅಲ್ಲಿಂದ ಅಂಚಿನವರೆಗೆ ಗೆರೆ ಎಳೆದಿದ್ದೆ. ಆಸ್ಟ್ರೇಲಿಯಾದ ಪಾಲು 45 ಡಿಗ್ರಿ ಪೂರ್ವದಿಂದ 160 ಡಿಗ್ರಿ ಪೂರ್ವದವರೆಗೆ, ಮಧ್ಯೆ ಫ್ರಾನ್ಸಿನ ಒಂದು ಸಣ್ಣ ಸೀಳು ಬಿಟ್ಟು. ಭಾರತದ ಭಾರತಿ ಸಂಶೋಧನಾ ಕೇಂದ್ರ ಇರುವುದು 76 ಡಿಗ್ರಿ ಪೂರ್ವದಲ್ಲಿ, ಲಾರ್ಸೆಮನ್ ಬೆಟ್ಟಗಳಲ್ಲಿ. ಚುಕ್ಕಿ ಇಟ್ಟ ಕೂಡಲೇ ಅವಳು ಕೇಳಿದಳು: "ಸರ್, ಇದು ಆಸ್ಟ್ರೇಲಿಯಾದ ಗಡಿಯೊಳಗೆ ಬಿತ್ತಲ್ಲ. ಕೇಂದ್ರ ಶುರುವಾಗಿದ್ದು 2012ರಲ್ಲಿ. ಹನ್ನೆರಡು ವರ್ಷ ಆಗಿಹೋಯ್ತು. ಆಸ್ಟ್ರೇಲಿಯಾ ಬಿಡಿಸಲಿಲ್ಲ ಅಂದ್ರೆ ಪ್ರತಿಕೂಲ ಸ್ವಾಧೀನ ಆಗಲ್ವಾ?"

ನಮ್ಮ ಕಡೆಯ ಮಕ್ಕಳಿಗೆ ಈ ಪ್ರಶ್ನೆ ಸಹಜ. ಖಾಸಗಿ ಜಮೀನಿನಲ್ಲಿ ಇನ್ನೊಬ್ಬ ಬಹಿರಂಗವಾಗಿ ಹನ್ನೆರಡು ವರ್ಷ ಕೂತರೆ ಮಾಲೀಕನ ದಾವೆಯೇ ನಿಲ್ಲುವುದಿಲ್ಲ. ಬಗರ್ ಹುಕುಂ ಅರ್ಜಿಯಲ್ಲೂ ಎಷ್ಟು ವರ್ಷದಿಂದ ಉಳುಮೆ ಎನ್ನುವುದೇ ಮೊದಲ ಪ್ರಶ್ನೆ. ನೆಲದ ಮೇಲೆ ಕಳೆದ ಕಾಲಕ್ಕೆ ಬೆಲೆ ಇದೆ ಎಂಬ ನಂಬಿಕೆ ಮಲೆನಾಡಿನ ಪ್ರತಿ ಮನೆಯಲ್ಲೂ ಇದೆ.

ನಾನು ಬರೆದಂತೆ ಹಕ್ಕುಗಳು ರದ್ದಾಗಿದ್ದರೆ ಅವಳ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ. ಆದರೆ ಆಸ್ಟ್ರೇಲಿಯಾ ಇಂದಿಗೂ ಅದನ್ನು ತನ್ನ ಪ್ರದೇಶ ಎಂದೇ ಕರೆಯುತ್ತದೆ, ಆ ಹೆಸರಿನಲ್ಲಿ ಅಂಚೆಚೀಟಿ ತರುತ್ತದೆ. ಆ ರಾತ್ರಿ ಒಪ್ಪಂದದಲ್ಲಿ ಈ ಹಕ್ಕುಗಳ ಬಗ್ಗೆ ಹೇಳುವ 4ನೇ ವಿಧಿಯನ್ನು ಮತ್ತೆ ಪದಪದವಾಗಿ ಓದಿದೆ. 'ರದ್ದು' ಎನ್ನುವ ಅರ್ಥ ಬರುವ ಒಂದು ಶಬ್ದವೂ ಅದರಲ್ಲಿಲ್ಲ.

ಮಾರನೆಯ ದಿನ ಕ್ಲಾಸಿಗೆ ಹೇಳಿದೆ: ಇದನ್ನು ಯಥಾಸ್ಥಿತಿ ಆದೇಶ ಇರುವ ಜಮೀನು ಅಂದುಕೊಳ್ಳಿ. ವಿಧಿಯ ಮೊದಲ ಭಾಗ ಹೇಳುವುದಿಷ್ಟು: ಹಕ್ಕು ಹೇಳಿದವನು ಸಹಿ ಹಾಕಿದ ಮಾತ್ರಕ್ಕೆ ಹಕ್ಕು ಬಿಟ್ಟುಕೊಟ್ಟಂತಲ್ಲ. ಹಕ್ಕು ಹೇಳದೆ, ಮುಂದೆ ಹೇಳಲು ತನಗೆ ಆಧಾರವಿದೆ ಎನ್ನುವ ಅಮೆರಿಕ, ರಷ್ಯಾ ಅದನ್ನು ಕಳೆದುಕೊಂಡಂತೆಯೂ ಅಲ್ಲ. ಬೇರೆಯವರ ಹಕ್ಕನ್ನು ಒಪ್ಪದವನು ಈಗ ಒಪ್ಪಿದಂತೆಯೂ ಅಲ್ಲ. ಎರಡನೇ ಭಾಗದಲ್ಲಿ ನಮ್ಮ ಪ್ರಶ್ನೆಗೆ ನೇರ ಉತ್ತರವಿದೆ: ಒಪ್ಪಂದ ಜಾರಿಯಲ್ಲಿರುವಾಗ ನಡೆಯುವ ಯಾವ ಕೃತ್ಯವೂ ಹಕ್ಕನ್ನು ಸ್ಥಾಪಿಸಲು, ಬೆಂಬಲಿಸಲು ಅಥವಾ ನಿರಾಕರಿಸಲು ಆಧಾರವಾಗದು. ಹೊಸ ಹಕ್ಕು ಹೇಳುವಂತಿಲ್ಲ, ಇರುವುದನ್ನು ಹಿಗ್ಗಿಸುವಂತಿಲ್ಲ. ಹಾಗಾಗಿ ಭಾರತ ಅಲ್ಲಿ ಹನ್ನೆರಡಲ್ಲ, ನೂರು ವರ್ಷ ಕೂತರೂ ಆ ಕಾಲ ಎಣಿಕೆಗೆ ಬರುವುದಿಲ್ಲ. ಆಸ್ಟ್ರೇಲಿಯಾ ಸುಮ್ಮನಿದ್ದರೂ ಆ ಮೌನ ಅದರ ವಿರುದ್ಧ ಸಾಕ್ಷಿಯಾಗುವುದಿಲ್ಲ.

ಆದರೆ ಈ ಹೋಲಿಕೆ ಒಂದು ಕಡೆ ಮುರಿಯುತ್ತದೆ, ಅದನ್ನೂ ಮಕ್ಕಳಿಗೆ ಹೇಳಲೇಬೇಕು. ನಮ್ಮ ಸ್ಟೇ ಹಿಂದೆ ಒಂದು ದಾವೆ ಇರುತ್ತದೆ, ಎಂದೋ ಒಂದು ದಿನ ತೀರ್ಪು ಬರುತ್ತದೆ. ಇಲ್ಲಿ ದಾವೆಯೂ ಇಲ್ಲ, ತೀರ್ಪು ಕೊಡಲು ಕೂತ ನ್ಯಾಯಾಧೀಶರೂ ಇಲ್ಲ. ಯಾರದು ಎಂಬ ಪ್ರಶ್ನೆಯನ್ನು ಪಕ್ಕಕ್ಕಿಟ್ಟೇ ಕೆಲಸ ನಡೆಸುವುದು ಈ ವ್ಯವಸ್ಥೆ.

ಹಾಗಿದ್ದರೆ ಅಲ್ಲಿ ಕಟ್ಟಡ ಕಟ್ಟಲು ಯಾರನ್ನು ಕೇಳಬೇಕು? ಇದನ್ನು ಬಾಯಿಮಾತಲ್ಲಿ ಹೇಳದೆ ಮಕ್ಕಳ ಕೈಯಲ್ಲೇ ಮಾಡಿಸಿದೆ. ಒಂದು ಗುಂಪು ಭಾರತ, ಒಂದು ಆಸ್ಟ್ರೇಲಿಯಾ, ಉಳಿದವರು ಬೇರೆ ದೇಶಗಳು. ಕೈಪಿಡಿ ಎಂದರೆ ಪರಿಸರ ರಕ್ಷಣೆಗಾಗಿ ಒಪ್ಪಂದಕ್ಕೆ ಸೇರಿಸಿದ 1991ರ ಮ್ಯಾಡ್ರಿಡ್ ಪ್ರೋಟೋಕಾಲ್, ಅದರ ಮೊದಲ ಅನುಬಂಧ. ಅಲ್ಲಿ ಅಳತೆಗೋಲು ಒಂದೇ: ಕೆಲಸದ ಪರಿಣಾಮ 'ಅಲ್ಪ ಅಥವಾ ತಾತ್ಕಾಲಿಕ'ವೇ? ಅದಕ್ಕಿಂತ ಕಡಿಮೆಯಾದರೆ ಕೂಡಲೇ ಮುಂದುವರಿಯಬಹುದು. ಅಷ್ಟೇ ಎನಿಸಿದರೆ ಪ್ರಾಥಮಿಕ ಮೌಲ್ಯಮಾಪನ ಸಾಕು. ಮೀರಿದರೆ ಸಮಗ್ರ ಮೌಲ್ಯಮಾಪನ. ಹೊಸ ಶಾಶ್ವತ ಕೇಂದ್ರ ಮೂರನೆಯದಕ್ಕೇ ಸೇರುತ್ತದೆ, ಭಾರತವೂ ಭಾರತಿಗಾಗಿ ಅದನ್ನೇ ಮಾಡಿತು. ಕರಡು ವರದಿ ಎಲ್ಲ ದೇಶಗಳಿಗೂ ಹೋಗಬೇಕು, ಅಭಿಪ್ರಾಯಕ್ಕೆ 90 ದಿನ ಕೊಡಬೇಕು. ಒಪ್ಪಂದದ ದೇಶಗಳ ಸಮಾಲೋಚನಾ ಸಭೆಗೆ ಕನಿಷ್ಠ 120 ದಿನ ಮೊದಲೇ ಅದು ಪರಿಸರ ಸಮಿತಿಯ ಕೈ ಸೇರಿರಬೇಕು. ಬಂದ ಟೀಕೆಗಳಿಗೆ ಉತ್ತರಿಸಿ ಅಂತಿಮ ವರದಿಯನ್ನು ಕೆಲಸ ಶುರುವಾಗುವ 60 ದಿನ ಮೊದಲು ಹೊರಡಿಸಬೇಕು.

ಆಸ್ಟ್ರೇಲಿಯಾ ಗುಂಪಿನ ಹುಡುಗರು ತಂದ ಪತ್ರದ ಮೊದಲ ಸಾಲು ಹೀಗಿತ್ತು: 'ಜಮೀನಿನ ಮಾಲೀಕರಾದ ನಾವು ಅನುಮತಿ ನಿರಾಕರಿಸುತ್ತೇವೆ.' ನಾನು ಅದನ್ನು ವಾಪಸ್ ಕೊಟ್ಟೆ. ಮಾಲೀಕ ಎಂದು ಬರೆದರೆ ಭಾರತ ಆ ಪತ್ರವನ್ನು ಒಪ್ಪುವಂತಿಲ್ಲ, ಮಾತುಕತೆ ಅಲ್ಲಿಗೇ ನಿಲ್ಲುತ್ತದೆ. ಎರಡನೇ ಸಲ ತಂದಾಗ ಬೇಕಾದ ಪ್ರಶ್ನೆಗಳಿದ್ದವು: ಡೀಸೆಲ್ ಎಲ್ಲಿ ಇಡುತ್ತೀರಿ, ಸೋರಿದರೆ ಏನು ಮಾಡುತ್ತೀರಿ, ಕೊಳಚೆ ನೀರು ಎಲ್ಲಿಗೆ, ಬೇರೆ ಜಾಗ ಯಾಕೆ ಬೇಡ. ಒಬ್ಬ ನೆರೆಯವನಾಗಿ, ಒಪ್ಪಂದದ ಸದಸ್ಯನಾಗಿ ಕೇಳುವ ಪ್ರಶ್ನೆಗಳು. ಲಾರ್ಸೆಮನ್ ಬೆಟ್ಟಗಳಲ್ಲಿ ನಿಜವಾಗಿ ನಡೆದಿರುವುದೂ ಇದೇ ಬಗೆಯದು. 2007ರಲ್ಲಿ ಆ ಜಾಗವನ್ನು ವಿಶೇಷ ನಿರ್ವಹಣಾ ಪ್ರದೇಶವಾಗಿ ಗುರುತಿಸಿದಾಗ ಹಕ್ಕು ಹೇಳುವ ಆಸ್ಟ್ರೇಲಿಯಾ, ಹಕ್ಕು ಹೇಳದ ಭಾರತ, ಚೀನಾ, ರಷ್ಯಾ, ರೊಮೇನಿಯಾ ಒಂದೇ ಯೋಜನೆಯ ಕೆಳಗೆ ಕೂತವು.

"ಎಲ್ಲರೂ ಬೇಡ ಅಂದ್ರೆ?" ಎಂದು ಒಬ್ಬ ಕೇಳಿದ. ಇಲ್ಲಿ ಪ್ರಾಮಾಣಿಕವಾಗಿ ಹೇಳಬೇಕಾಯಿತು: ಸಭೆಗೆ ತಡೆಯುವ ಅಧಿಕಾರವಿಲ್ಲ. ಕರಡು ಕಳಿಸಿದ 15 ತಿಂಗಳಿಗಿಂತ ಹೆಚ್ಚು ಕಾಲ ನಿರ್ಧಾರವನ್ನು ಹಿಡಿದಿಡುವಂತೆಯೂ ಇಲ್ಲ. ಕೊನೆಯ ತೀರ್ಮಾನ ಕಟ್ಟುವ ದೇಶದ್ದೇ. ಅದನ್ನು ಕಟ್ಟಿಹಾಕುವುದು ಆ ದೇಶದ ಸ್ವಂತ ಕಾನೂನು. ನಮ್ಮಲ್ಲಿ 2022ರ ಭಾರತೀಯ ಅಂಟಾರ್ಕ್ಟಿಕ ಕಾಯ್ದೆ ಬಂದು, ಪರ್ಮಿಟ್ ಇಲ್ಲದೆ ಭಾರತೀಯ ಅನ್ವೇಷಣಾ ತಂಡ ಅಲ್ಲಿಗೆ ಹೋಗದಂತೆ ಮಾಡಿದೆ. ಕಟ್ಟುವ ದೇಶವನ್ನು ಬೇರೆ ಯಾರೂ ತಡೆಯಲಾಗದಿರುವುದು ವ್ಯವಸ್ಥೆಯ ದೊಡ್ಡ ದೌರ್ಬಲ್ಯ ಎಂದು ನನಗನ್ನಿಸುತ್ತದೆ. ಹಾಗಂತ ಸಭೆಗೆ ತಡೆಯುವ ಅಧಿಕಾರ ಕೊಡಲು ಹೊರಟರೆ ಒಡೆತನದ ಪ್ರಶ್ನೆ ಮತ್ತೆ ಮೇಲೇಳುತ್ತದೆ, ಒಪ್ಪಂದವೇ ಉಳಿಯುತ್ತದೋ ಇಲ್ಲವೋ.

ಇನ್ನೊಂದು ತಪ್ಪು ಪ್ರತಿ ವರ್ಷ ಉತ್ತರಪತ್ರಿಕೆಯಲ್ಲಿ ಬರುತ್ತದೆ: '2048ಕ್ಕೆ ಒಪ್ಪಂದ ಮುಗಿಯುತ್ತದೆ.' ಒಪ್ಪಂದಕ್ಕೆ ಕೊನೆಯ ದಿನಾಂಕವೇ ಇಲ್ಲ. ಪ್ರೋಟೋಕಾಲ್ 1998ರಲ್ಲಿ ಜಾರಿಗೆ ಬಂತು. ಅಲ್ಲಿಂದ 50 ವರ್ಷ ಕಳೆದ ಮೇಲೆ, ಸಭೆಯ ತೀರ್ಮಾನಗಳಲ್ಲಿ ಪಾಲಿರುವ ಸಮಾಲೋಚನಾ ಸದಸ್ಯನಾದ ಯಾವ ದೇಶವಾದರೂ ಅದರ ಪರಿಶೀಲನಾ ಸಮ್ಮೇಳನ ಕರೆಯಿರಿ ಎಂದು ಕೇಳಬಹುದು, ಅಷ್ಟೇ. ಪ್ರೋಟೋಕಾಲ್‌ನಲ್ಲಿರುವ ಗಣಿಗಾರಿಕೆಯ ನಿಷೇಧ ತಾನಾಗಿ ಬಿದ್ದುಹೋಗುವುದಿಲ್ಲ.

ಕೊನೆಗೆ 2004ರ ಒಂದು ಕಡತ ತೋರಿಸಿದೆ. ಆ ವರ್ಷ ಆಸ್ಟ್ರೇಲಿಯಾ ಸಮುದ್ರದಡಿಯ ಭೂಖಂಡದ ಅಂಚಿನ ಮಿತಿ ಗುರುತಿಸಲು ವಿಶ್ವಸಂಸ್ಥೆಯ ಆಯೋಗಕ್ಕೆ ದಾಖಲೆ ಕೊಟ್ಟಿತು. ಅದರಲ್ಲಿ ಅಂಟಾರ್ಕ್ಟಿಕದ ತನ್ನ ಪಾಲಿನೆದುರಿನ ಸಮುದ್ರತಳವೂ ಇತ್ತು. ಜೊತೆಗೇ 'ಸದ್ಯಕ್ಕೆ ಈ ಭಾಗವನ್ನು ಪರಿಗಣಿಸಬೇಡಿ' ಎಂಬ ಕೋರಿಕೆಯೂ ಇತ್ತು. ಅಮೆರಿಕ, ರಷ್ಯಾ, ಭಾರತ ಮುಂತಾದ ದೇಶಗಳು ತಮ್ಮ ನಿಲುವನ್ನು ಬರೆದು ಕಳಿಸಿದವು. ಹೊಸನಗರದ ಆ ಹುಡುಗಿ ಅದನ್ನು ಓದಿ ಮುಗಿಸಿ, ತನ್ನ ಗುಂಪು ಬರೆದ ಭಾರತದ ಉತ್ತರಪತ್ರವನ್ನು ಎಳೆದುಕೊಂಡು ತಲೆಬರಹದ ಕೆಳಗೆ ಒಂದು ಸಾಲು ಸೇರಿಸಿದಳು. ಈ ಪತ್ರದಿಂದ ನಮ್ಮ ಹಕ್ಕಿಗೆ ಧಕ್ಕೆಯಾಗದು ಎನ್ನಲು ನಮ್ಮ ಲೀಗಲ್ ನೋಟಿಸುಗಳ ಮೇಲೆ ದಿನವೂ ಬರೆಯುವ ಅದೇ ಸಾಲು: ವಿದೌಟ್ ಪ್ರಿಜುಡಿಸ್.