ಗಲ್ಲಾದಲ್ಲಿರುವ ಹಣ ನಮ್ಮದಲ್ಲ: ಗಿಫ್ಟ್ ಕಾರ್ಡ್ ಬಾಕಿಯನ್ನು ಹೊಣೆಗಾರಿಕೆಯಾಗಿ ಬರೆದ ನನ್ನ ಅನುಭವ

ದಾವಣಗೆರೆಯ ಒಂದು ಜವಳಿ ಅಂಗಡಿಯಲ್ಲಿ ನಾನು ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಚಿತ್ರದುರ್ಗ ಮತ್ತು ಹರಿಹರದಲ್ಲಿ ಅದರ ಎರಡು ಶಾಖೆಗಳಿವೆ. 2018ರ ದೀಪಾವಳಿಗೆ ನಾವು ಗಿಫ್ಟ್ ಕಾರ್ಡ್ ಮಾರಲು ಆರಂಭಿಸಿದೆವು. ಆಗ ಅದನ್ನು ಲೆಕ್ಕಕ್ಕೆ ತೆಗೆದುಕೊಂಡ ರೀತಿ ತಪ್ಪಾಗಿತ್ತು. ಅದನ್ನು ತಿದ್ದಲು ನನಗೆ ಮೂರು ವರ್ಷ ಹಿಡಿಯಿತು. ಮಾಲೀಕರಿಗಾಗಲಿ, ಹಳೆಯ ಆಡಿಟರ್‌ಗಾಗಲಿ ನನ್ನ ಕ್ರಮದಲ್ಲಿ ನಂಬಿಕೆ ಇರಲಿಲ್ಲ. ಈಗ ಮೂರೂ ಶಾಖೆಗಳ ಬಾಕಿ ತಿಂಗಳ ಕೊನೆಯಲ್ಲಿ ರೂಪಾಯಿಗೆ ರೂಪಾಯಿ ತಾಳೆಯಾಗುತ್ತದೆ. ಇದೇ ಕೆಲಸ ಮಾಡುವವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲ ವರ್ಷ ಕಾರ್ಡ್ ಮಾರಿದ ದಿನವೇ ಅದನ್ನು ಮಾರಾಟವೆಂದು ಬರೆದೆವು. ದೀಪಾವಳಿಯಿಂದ ಮದುವೆಯ ಕಾಲದವರೆಗೆ ಸುಮಾರು 14 ಲಕ್ಷ ರೂಪಾಯಿಯ ಕಾರ್ಡ್‌ಗಳು ಹೋಗಿದ್ದವು. ಮಾರ್ಚ್ 31ರ ಹೊತ್ತಿಗೆ ಅವುಗಳಲ್ಲಿ ಆರು ಲಕ್ಷದಷ್ಟು ಮಾತ್ರ ಬಟ್ಟೆಯಾಗಿ ಹೊರಗೆ ಹೋಗಿತ್ತು. ಉಳಿದ ಎಂಟು ಲಕ್ಷಕ್ಕೆ ಅಂಗಡಿಯಿಂದ ಒಂದು ಸೀರೆಯೂ ಕದಲಿರಲಿಲ್ಲವಾದ್ದರಿಂದ ಅದರ ಎದುರಿಗೆ ಕೊಂಡ ಬೆಲೆಯೂ ಇರಲಿಲ್ಲ. ಹೀಗಾಗಿ ಆ ಎಂಟು ಲಕ್ಷ ಪೂರ್ತಿ ಲಾಭವಾಗಿ ಕಾಣಿಸಿತು. ನಮ್ಮದು ಪಾಲುದಾರಿಕೆ ಸಂಸ್ಥೆ. ಶೇಕಡ 30 ತೆರಿಗೆ, ಅದರ ಮೇಲಿನ ಸೆಸ್ ಸೇರಿ ಹೆಚ್ಚುಕಡಿಮೆ ಎರಡೂವರೆ ಲಕ್ಷವನ್ನು ಇನ್ನೂ ಗಳಿಸದ ಹಣದ ಮೇಲೆ ಕಟ್ಟಿದೆವು. ಲಾಭ ಚೆನ್ನಾಗಿದೆ ಎಂದುಕೊಂಡು ಪಾಲುದಾರರೂ ತಮ್ಮ ಪಾಲು ತೆಗೆದುಕೊಂಡರು. ಹರಿಹರದ ಶಾಖೆಗೆ ಹೊಸ ಗಾಜಿನ ಬಾಗಿಲು ಬಂತು.

ಪೆಟ್ಟು ಬಿದ್ದದ್ದು ಆಷಾಢದಲ್ಲಿ. ನಮ್ಮ ಕಡೆ ಆಷಾಢದ ರಿಯಾಯಿತಿ ಮಾರಾಟಕ್ಕೆ ಜನ ಕಾಯುತ್ತಾರೆ, ಕೈಯಲ್ಲಿ ಕಾರ್ಡ್ ಇರುವವರು ಇನ್ನೂ ಹೆಚ್ಚು ಕಾಯುತ್ತಾರೆ. 2019ರ ಜುಲೈನಲ್ಲಿ ಐದು ಲಕ್ಷದಷ್ಟು ಬಿಲ್ ಕಾರ್ಡ್‌ಗಳಿಂದಲೇ ಚುಕ್ತವಾಯಿತು. ಕೌಂಟರ್ ಮುಂದೆ ಸಾಲು ಇತ್ತು, ಕಪಾಟು ಖಾಲಿಯಾಗುತ್ತಿತ್ತು, ಆದರೆ ಗಲ್ಲಾಪೆಟ್ಟಿಗೆಗೆ ಹಣ ಬರಲಿಲ್ಲ; ಅದೇ ವಾರ ಸೂರತ್‌ನ ವ್ಯಾಪಾರಿಗಳಿಗೆ ಹಣ ಕಳುಹಿಸಬೇಕಿತ್ತು. ಕಾರ್ಡ್ ಮಾರಿ ಬಂದ ಹಣ ತೆರಿಗೆಯಾಗಿ, ಪಾಲಾಗಿ, ಬಾಗಿಲಾಗಿ ಆಗಲೇ ಹೋಗಿತ್ತು. ಮಾಲೀಕರು ಓವರ್‌ಡ್ರಾಫ್ಟ್ ತೆಗೆದರು.

ನಾನು ಬದಲಾವಣೆಯ ಮಾತು ತೆಗೆದಾಗ ಅವರು, “ಹಣ ನಮ್ಮ ಗಲ್ಲಾದಲ್ಲಿದೆ, ಗಿರಾಕಿ ವಾಪಸ್ ಕೇಳುವ ಹಾಗಿಲ್ಲ ಎಂದು ಕಾರ್ಡಿನ ಹಿಂದೆಯೇ ಅಚ್ಚು ಹಾಕಿಸಿದ್ದೇವೆ, ಅದನ್ನು ಸಾಲ ಅಂತ ಯಾಕೆ ಬರೀತೀರಿ?” ಎಂದು ಕೇಳಿದರು. “ಅಣ್ಣಾವ್ರೇ, ಹಣ ಕೇಳುವ ಹಾಗಿಲ್ಲ, ನಿಜ. ಸೀರೆ ಕೇಳಿದರೆ ಇಲ್ಲ ಅನ್ನೋಕಾಗುತ್ತಾ?” ಎಂದೆ. ನಾವು ತೀರಿಸಬೇಕಾದದ್ದು ನಗದಿನಲ್ಲಲ್ಲ, ಸರಕಿನಲ್ಲಿ. ಸರಕು ಕೊಟ್ಟ ದಿನ ಅದು ಮಾರಾಟ, ಅಲ್ಲಿಯವರೆಗೆ ಹೊಣೆಗಾರಿಕೆ. ಇಂಡ್ ಎಎಸ್ 115 ಎಂಬ ಲೆಕ್ಕಪತ್ರ ಮಾನದಂಡ ನಮ್ಮಂಥ ಪಾಲುದಾರಿಕೆ ಸಂಸ್ಥೆಗೆ ಕಡ್ಡಾಯವಲ್ಲ, ಆದರೆ ಗಿರಾಕಿ ಬಳಸದ ಹಕ್ಕಿನ ಬಗ್ಗೆ ಅದು ಹಾಕಿಕೊಟ್ಟ ದಾರಿ ನಮ್ಮ ಅಂಗಡಿಗೂ ಸರಿಹೋಗುತ್ತದೆ ಎಂಬುದು ನನ್ನ ವಾದವಾಗಿತ್ತು.

2019ರ ಆಗಸ್ಟ್‌ನಲ್ಲಿ ಟ್ಯಾಲಿಯಲ್ಲಿ ಪ್ರಚಲಿತ ಹೊಣೆಗಾರಿಕೆಗಳ ಕೆಳಗೆ ‘ಗಿಫ್ಟ್ ಕಾರ್ಡ್ ಬಾಕಿ’ ಎಂಬ ಒಂದು ಲೆಡ್ಜರ್ ತೆರೆದೆ. ಕಾರ್ಡ್ ಮಾರಿದಾಗ ಅಲ್ಲಿಗೆ ಜಮೆ, ಬಿಲ್ ಆದಾಗ ಅಲ್ಲಿಂದ ಖರ್ಚು. ಅಷ್ಟರಿಂದಲೇ ಕೆಲಸ ಮುಗಿಯಿತೆಂದು ತಿಳಿದದ್ದು ನನ್ನ ಎರಡನೆಯ ತಪ್ಪು. ಲೆಡ್ಜರ್ ಒಟ್ಟು ಮೊತ್ತವನ್ನು ಮಾತ್ರ ಹೇಳುತ್ತದೆ. ಯಾವ ಕಾರ್ಡಿನಲ್ಲಿ ಎಷ್ಟು ಉಳಿದಿದೆ ಎಂಬುದು ಬಿಲ್ಲಿಂಗ್ ಯಂತ್ರದ ಕಾರ್ಡ್ ರಿಜಿಸ್ಟರಿನಲ್ಲಿರುತ್ತದೆ. ಡಿಸೆಂಬರಿನಲ್ಲಿ ಎರಡನ್ನೂ ಹೋಲಿಸಿದಾಗ ರಿಜಿಸ್ಟರಿನಲ್ಲಿ ಸುಮಾರು 4,000 ರೂಪಾಯಿ ಹೆಚ್ಚಿತ್ತು. ಇಷ್ಟು ದೊಡ್ಡ ಮೊತ್ತದಲ್ಲಿ ಅದು ಸಣ್ಣದೆಂದು ಆಡಿಟರ್ ಹೇಳಿದರು. ನನಗೆ ಸಮಾಧಾನವಾಗಲಿಲ್ಲ. ಎರಡು ಭಾನುವಾರ ಕುಳಿತು ಕಾರ್ಡ್ ಸಂಖ್ಯೆಯ ಪ್ರಕಾರ ಒಂದೊಂದನ್ನೇ ಹೊಂದಿಸುತ್ತ ಹೋದೆ.

ಆ ನಾಲ್ಕು ಸಾವಿರದ ಒಳಗೆ ಎರಡು ದೊಡ್ಡ ತಪ್ಪುಗಳು ಒಂದನ್ನೊಂದು ಮುಚ್ಚಿಕೊಂಡು ಕುಳಿತಿದ್ದವು. ಹರಿಹರದ ಶಾಖೆಯ ವಾರ್ಷಿಕೋತ್ಸವಕ್ಕೆ 500 ರೂಪಾಯಿಯ 70 ಕಾರ್ಡ್‌ಗಳನ್ನು ಉಚಿತವಾಗಿ ಹಂಚಿದ್ದರು. ಅವು ರಿಜಿಸ್ಟರಿನಲ್ಲಿ 35,000 ರೂಪಾಯಿಯ ಬಾಕಿಯಾಗಿ ಕುಳಿತಿದ್ದವು, ಆದರೆ ಅವಕ್ಕೆ ಯಾರೂ ಹಣ ಕೊಟ್ಟಿರಲಿಲ್ಲವಾದ್ದರಿಂದ ಲೆಡ್ಜರಿನಲ್ಲಿ ಇರಲಿಲ್ಲ. ಇನ್ನೊಂದು ಕಡೆ, ಚಿತ್ರದುರ್ಗದ ಕೌಂಟರಿನ ಹುಡುಗ ಕಾರ್ಡನ್ನು ಯಂತ್ರದಲ್ಲಿ ಉಜ್ಜಿ ಬಾಕಿ ಇಳಿಸುತ್ತಿದ್ದ. ಬಿಲ್ಲಿನಲ್ಲಿ ಮಾತ್ರ ಆ ಮೊತ್ತವನ್ನು ರಿಯಾಯಿತಿ ಎಂದು ಹಾಕುತ್ತಿದ್ದ. ಹೀಗೆ ಸುಮಾರು 31,000 ರೂಪಾಯಿ ರಿಜಿಸ್ಟರಿನಲ್ಲಿ ಇಳಿದರೂ ಲೆಡ್ಜರಿನಲ್ಲಿ ಇಳಿದಿರಲಿಲ್ಲ, ಮತ್ತು ಅಷ್ಟೇ ಮಾರಾಟ ಕಡಿಮೆ ಕಂಡಿತ್ತು. ಮೂವತ್ತೈದರಲ್ಲಿ ಮೂವತ್ತೊಂದು ಹೋದರೆ ನಾಲ್ಕು. ಈಗ ಉಚಿತ ಕಾರ್ಡ್‌ಗೆ ಬೇರೆಯೇ ಸಂಖ್ಯಾ ಸರಣಿಯಿದೆ. ಅದನ್ನು ಬಳಸಿದ ದಿನ ಅದು ರಿಯಾಯಿತಿ, ಹೊಣೆಗಾರಿಕೆಯಲ್ಲ. ಇಂತಿಷ್ಟು ಕೊಂಡರೆ ಒಂದು ಕಾರ್ಡ್ ಎಂದು ಕೊಟ್ಟದ್ದು ಹಾಗಲ್ಲ. ಅಲ್ಲಿ ಗಿರಾಕಿ ಕೊಟ್ಟ ಬೆಲೆಯ ಒಂದು ಪಾಲು ಆ ಕಾರ್ಡಿಗೂ ಸೇರುತ್ತದೆ, ಅಷ್ಟನ್ನು ಮುಂದಕ್ಕೆ ಹಿಡಿದಿಡಬೇಕು. ಕಾರ್ಡಿನಿಂದ ಕೊಂಡ ಬಟ್ಟೆ ವಾಪಸ್ ಬಂದರೆ ನಗದು ಕೊಡದೆ ಅದೇ ಕಾರ್ಡಿಗೆ ಮರಳಿ ತುಂಬುವ ನಿಯಮವನ್ನೂ ಆಗಲೇ ಮಾಡಿದೆವು.

ಜಿಎಸ್‌ಟಿಯ ವಿಷಯವನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಕಾರ್ಡ್ ಮಾರುವಾಗ ಗಿರಾಕಿ ಶೇಕಡ 5ರ ಸೀರೆ ಒಯ್ಯುತ್ತಾನೋ, ಆಗ ಶೇಕಡ 12 ಇದ್ದ ಸಾವಿರ ರೂಪಾಯಿ ಮೀರಿದ ಅಂಗಿ ಒಯ್ಯುತ್ತಾನೋ ಗೊತ್ತಿರುವುದಿಲ್ಲ. ಆದ್ದರಿಂದ ತೆರಿಗೆಯನ್ನು ಬಿಲ್ಲಿನ ದಿನಕ್ಕೇ ಇಟ್ಟುಕೊಂಡೆ. 5,000ದ ಕಾರ್ಡಿಗೆ ಸೀರೆ ಹೋದರೆ ಅದರಲ್ಲಿ 238 ರೂಪಾಯಿ ತೆರಿಗೆ, ಉಳಿದದ್ದು ಮಾರಾಟ. ಬಾಕಿಯ ಲೆಡ್ಜರಿನಲ್ಲಿರುವ ಮೊತ್ತ ಪೂರ್ತಿಯಾಗಿ ಮುಂದಿನ ಮಾರಾಟವಲ್ಲ ಎಂಬುದನ್ನು ಇಲ್ಲಿ ಮರೆಯಬಾರದು. ವೋಚರ್ ತಾನಾಗಿ ಸರಕೂ ಅಲ್ಲ, ಸೇವೆಯೂ ಅಲ್ಲ ಎಂದು 2023ರಲ್ಲಿ ನಮ್ಮ ಹೈಕೋರ್ಟ್ ಹೇಳಿತು. 2024ರ ಡಿಸೆಂಬರ್ 31ರ ಸುತ್ತೋಲೆ ಬಳಸದೆ ಉಳಿದ ಮೊತ್ತಕ್ಕೂ ಜಿಎಸ್‌ಟಿ ಇಲ್ಲವೆಂದು ಸ್ಪಷ್ಟಪಡಿಸಿದ ಮೇಲೆ ನನ್ನ ಕೊನೆಯ ಅಳುಕೂ ಹೋಯಿತು.

ಎಲ್ಲಕ್ಕಿಂತ ಹೆಚ್ಚು ವಾದ ನಡೆದದ್ದು ಬ್ರೇಕೇಜ್ ಬಗ್ಗೆ, ಅಂದರೆ ಯಾರೂ ಎಂದಿಗೂ ಬಳಸದ ಮೊತ್ತದ ಬಗ್ಗೆ. ಅವಧಿ ಮುಗಿದ ದಿನ ಅಷ್ಟನ್ನೂ ಆದಾಯಕ್ಕೆ ಎಳೆದುಕೊಳ್ಳಿ ಎಂದು ಆಡಿಟರ್ ಹೇಳಿದರು. ನಮ್ಮದೇ ಇತಿಹಾಸದ ಆಧಾರವಿದ್ದರೆ ಹಾಗೆ ಕಾಯಬೇಕಿಲ್ಲ. ಗಿರಾಕಿಗಳು ಬಳಸುತ್ತ ಹೋದ ಹಾಗೆ ಅದೇ ಪ್ರಮಾಣದಲ್ಲಿ ಬ್ರೇಕೇಜನ್ನೂ ಆದಾಯಕ್ಕೆ ತೆಗೆದುಕೊಳ್ಳಬಹುದು. ಆಧಾರವಿಲ್ಲದಿದ್ದರೆ, ಇನ್ನು ಯಾರೂ ಬರುವ ಸಂಭವವಿಲ್ಲ ಎನ್ನುವವರೆಗೆ ಕಾಯಲೇಬೇಕು. ಮೊದಲ ವರ್ಷದ ಕಾರ್ಡ್‌ಗಳಲ್ಲಿ ಶೇಕಡ 92ರಷ್ಟು ಬಳಕೆಯಾದದ್ದು ಗೊತ್ತಾದ ಮೇಲೆ ನಾನು ಶೇಕಡ 8 ಎಂದು ಹಿಡಿದೆ. ಒಂದು ತಿಂಗಳಲ್ಲಿ 10 ಲಕ್ಷದ ಕಾರ್ಡ್ ಹೋಯಿತೆನ್ನಿ. 80,000 ಬರುವುದಿಲ್ಲ, 9,20,000 ಬರುತ್ತದೆ ಎಂಬುದು ಅಂದಾಜು. 4,60,000 ಬಳಕೆಯಾದಾಗ ಬರಬೇಕಾದದ್ದರ ಅರ್ಧ ಬಂದಂತಾಯಿತು. ಆಗ ಬ್ರೇಕೇಜಿನ ಅರ್ಧ, ಅಂದರೆ 40,000, ಆದಾಯಕ್ಕೆ ಹೋಗುತ್ತದೆ. ಪುಸ್ತಕದಲ್ಲಿ ಉಳಿಯುವ ಹೊಣೆಗಾರಿಕೆ 5,00,000.

ಇಲ್ಲಿಯೇ ಒಂದು ಗುಂಡಿ ಇದೆ, ನಾನು ಅದಕ್ಕೆ ಬಿದ್ದಿದ್ದೇನೆ. ಪುಸ್ತಕದಲ್ಲಿ ಐದು ಲಕ್ಷ ಎಂದಿದ್ದರೂ ಗಿರಾಕಿಗಳ ಕೈಯಲ್ಲಿರುವ ಕಾರ್ಡ್‌ಗಳ ಬಾಕಿ 5,40,000. ಆ 40,000ವನ್ನು ನಾನು ಬಾಕಿಯ ಲೆಡ್ಜರಿನಿಂದಲೇ ಕಳೆದೆ. ಮರುದಿನದಿಂದ ರಿಜಿಸ್ಟರಿಗೂ ಲೆಡ್ಜರಿಗೂ ತಾಳೆ ತಪ್ಪಿತು, ಇನ್ನೊಂದು ಕಳ್ಳ ವ್ಯತ್ಯಾಸ ಬಂದರೂ ಹಿಡಿಯಲಾಗದ ಸ್ಥಿತಿ ಬಂತು. ಈಗ ಬ್ರೇಕೇಜಿಗೆ ಪ್ರತ್ಯೇಕ ಲೆಡ್ಜರ್ ಇದೆ. ಬಾಕಿಯ ಲೆಡ್ಜರ್ ಯಾವಾಗಲೂ ರಿಜಿಸ್ಟರಿಗೆ ಸಮನಾಗಿರುತ್ತದೆ, ಬ್ಯಾಲೆನ್ಸ್ ಶೀಟಿನಲ್ಲಿ ಮಾತ್ರ ಎರಡೂ ಸೇರಿ ನಿವ್ವಳ ಮೊತ್ತ ಕಾಣುತ್ತದೆ.

ಅಂದಾಜೂ ಒಮ್ಮೆ ಕೈಕೊಟ್ಟಿತು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆದಾಗ ಎಲ್ಲ ಕಾರ್ಡ್‌ಗಳ ಅವಧಿಯನ್ನು ಒಂದು ವರ್ಷ ಮುಂದೂಡಿದೆವು. ಆ ವರ್ಷ ಹಳೆಯ ಶೇಕಡ 8 ಏನನ್ನೂ ಹೇಳುತ್ತಿರಲಿಲ್ಲ, ಆದ್ದರಿಂದ ನಾನು ಬ್ರೇಕೇಜ್ ಆದಾಯವನ್ನು ಒಂದು ರೂಪಾಯಿಯೂ ತೆಗೆದುಕೊಳ್ಳಲಿಲ್ಲ. ಮಾಲೀಕರಿಗೆ ಬೇಸರವಾಯಿತು, ಆದರೂ ನಾನು ಬಗ್ಗಲಿಲ್ಲ. ಆ ಬಿಡುವಿನಲ್ಲಿ ಹಳೆಯ ಕಾರ್ಡ್‌ಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೋಡಿದೆ. ಕಾರ್ಖಾನೆಗಳು ಕೆಲಸಗಾರರಿಗೆ ಹಂಚಿದ 500ರ ಕಾರ್ಡ್‌ಗಳು ಹೆಚ್ಚುಕಡಿಮೆ ಪೂರ್ತಿ ಬಳಕೆಯಾಗಿದ್ದವು. ಮದುವೆಯ ಉಡುಗೊರೆಯ 2,000ದ ಕಾರ್ಡ್‌ಗಳಲ್ಲಿ 1,950ರ ಸೀರೆ ಕೊಂಡು ಬಿಟ್ಟುಹೋದ ಐವತ್ತು ಅರವತ್ತು ರೂಪಾಯಿಗಳೂ ಬ್ರೇಕೇಜಿನಲ್ಲಿ ಸೇರಿದ್ದವು. ಕಳೆದುಹೋದ ಪೂರ್ತಿ ಕಾರ್ಡ್‌ಗಳು ನಾನೆಣಿಸಿದ್ದಕ್ಕಿಂತ ಕಡಿಮೆ. ಅಂದಿನಿಂದ ಎರಡು ಬಗೆಗೂ ಬೇರೆ ಬೇರೆ ದರ ಹಿಡಿಯುತ್ತೇನೆ.

ಬಾಕಿ ಉಳಿದವರಿಗೆ ಎಸ್‌ಎಂಎಸ್ ಕಳುಹಿಸುವ ಪ್ರಯೋಗವನ್ನೂ ಮಾಡಿದೆ. ಬ್ರೇಕೇಜ್ ಕಡಿಮೆಯಾಗುತ್ತದೆ ಎಂದು ಎಲ್ಲರೂ ಬೇಡವೆಂದರು. ಕಡಿಮೆಯಾದದ್ದು ನಿಜ, ಆದರೆ ಅರವತ್ತು ರೂಪಾಯಿಗಾಗಿ ಬಂದವರು ಸಾಮಾನ್ಯವಾಗಿ ಏಳೆಂಟು ನೂರು ರೂಪಾಯಿಯ ಬಟ್ಟೆ ಒಯ್ದರು. ಯಾವ ವಾರ, ಯಾವ ಬಾಕಿಯವರಿಗೆ ಕಳುಹಿಸಬೇಕೆಂಬ ಲೆಕ್ಕವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಒಂದೇ ಸಂಖ್ಯೆಯ ಎರಡು ಕಾರ್ಡ್ ಅಚ್ಚಾದದ್ದನ್ನು ಹಿಡಿಯುವ ಕ್ರಮವನ್ನೂ ಅಷ್ಟೇ.

ಕಾರ್ಡ್ ಮಾರಿದ ಹಣದ ಎಷ್ಟು ಪಾಲನ್ನು ಮುಟ್ಟದೆ ಇಡಬೇಕೆಂಬ ಪ್ರಶ್ನೆಗೆ ಈಗ ನಮ್ಮಲ್ಲಿ ಒಂದು ಉತ್ತರವಿದೆ. ಆಷಾಢಕ್ಕೆ ಬರಬಹುದಾದ ಬಾಕಿಗೆ ತಗಲುವ ಸರಕಿನ ಬೆಲೆಯಷ್ಟನ್ನು ಬೇರೆ ಬ್ಯಾಂಕ್ ಖಾತೆಯಲ್ಲಿ ಇಡುತ್ತೇವೆ. ಸೂರತ್‌ಗೆ ಹಣ ಅಲ್ಲಿಂದಲೇ ಹೋಗುತ್ತದೆ. ಓವರ್‌ಡ್ರಾಫ್ಟ್ ತೆಗೆಯದೆ ಹಲವು ಆಷಾಢಗಳು ಕಳೆದಿವೆ. ಹಿಂದೆ ಕೈಕಟ್ಟಿ ಕುಳಿತಿದ್ದ ಮಾಲೀಕರೇ ಈಗ ತಿಂಗಳ ಕೊನೆಗೆ ಬಾಕಿಯ ಪಟ್ಟಿ ಕೇಳುತ್ತಾರೆ.

ಕಳೆದ ಶ್ರಾವಣದಲ್ಲಿ ಹರಿಹರದ ಶಾಖೆಗೆ ಒಬ್ಬ ತಾಯಿ 2019ರ ಕಾರ್ಡ್ ತಂದರು, ಬೀರುವಿನಲ್ಲಿ ಮದುವೆಯ ಆಲ್ಬಮ್ಮಿನೊಳಗೆ ಸಿಕ್ಕಿತಂತೆ. ಅವಧಿ ಮುಗಿದು ವರ್ಷಗಳಾಗಿದ್ದವು. ಅದರ 2,000 ರೂಪಾಯಿ ಬ್ರೇಕೇಜಾಗಿ ಆದಾಯಕ್ಕೆ ಹೋಗಿ, ಅದಕ್ಕೆ ತೆರಿಗೆಯನ್ನೂ ಕಟ್ಟಿಯಾಗಿತ್ತು. ಕೌಂಟರಿನ ಹುಡುಗ ನನಗೆ ಫೋನ್ ಮಾಡಿದ. “ಸೀರೆ ಕೊಡಪ್ಪ” ಎಂದೆ. ಬ್ರೇಕೇಜ್ ಲೆಡ್ಜರಿನಿಂದ 2,000 ಹಿಂದಕ್ಕೆ ತೆಗೆದು ಬಾಕಿಗೆ ಜಮೆ ಮಾಡಿ, ಅದೇ ದಿನದ ಬಿಲ್ಲಿಗೆ ಖರ್ಚು ಹಾಕಿದೆ. 95 ರೂಪಾಯಿ ಜಿಎಸ್‌ಟಿ, ಉಳಿದ 1,905 ಮಾರಾಟ. ಸಂಜೆ ರಿಜಿಸ್ಟರ್ ತಾಳೆಯಾಯಿತು.